ಮೊತ್ತ ಹೊಂದಿದರೆ ಸಾಲದು, ಬಾಬ್ತೂ ಹೊಂದಬೇಕು

ಸಂಶೋಧನಾ ಯೋಜನೆಯ ಅವಧಿ ಮುಗಿದು, ಅಂತಿಮ ವರದಿಯೂ ಹೋಗಿ, ಎಲ್ಲವೂ ಆಯಿತು ಎಂದುಕೊಂಡ ಮೇಲೆ ಅನುದಾನ ಕೊಟ್ಟ ಸಂಸ್ಥೆಯಿಂದ ಕಾಲೇಜಿಗೆ ಒಂದು ಪತ್ರ ಬರುತ್ತದೆ. ತಮ್ಮ ಎಸ್‌ಇ ಮತ್ತು ಯುಸಿ ಇನ್ನೂ ತಲುಪಿಲ್ಲ, ಕೂಡಲೇ ಕಳುಹಿಸಿ ಎಂಬುದು ಅದರ ಸಾರ. ಯೋಜನೆ ನಡೆಸಿದ ಅಧ್ಯಾಪಕರು ಆ ಪತ್ರವನ್ನು ಲೆಕ್ಕಪತ್ರ ವಿಭಾಗಕ್ಕೆ ಕಳುಹಿಸುತ್ತಾರೆ. ಅಲ್ಲಿಯವರು ಲೆಡ್ಜರ್ ಮುದ್ರಿಸಿ, ಯಾವ ಖರ್ಚು ಯಾವ ಬಾಬ್ತಿನದು ಎಂದು ಬರೆದುಕೊಡಿ ಎಂದು ಅಧ್ಯಾಪಕರಿಗೇ ವಾಪಸು ಕಳುಹಿಸುತ್ತಾರೆ. ಹೀಗೆ ಕಡತ ಎರಡು ಕೋಣೆಗಳ ನಡುವೆ ತಿಂಗಳುಗಟ್ಟಲೆ ಓಡಾಡುತ್ತದೆ. ಇಬ್ಬರದೂ ಸೋಮಾರಿತನವಲ್ಲ. ಮಂಜೂರಾತಿ ಆದೇಶ ಮಾತಾಡುವುದು ಒಂದು ಬಗೆಯ ಬಾಬ್ತುಗಳಲ್ಲಿ, ಕಾಲೇಜಿನ ಲೆಡ್ಜರ್ ಇಟ್ಟಿರುವುದು ಇನ್ನೊಂದು ಬಗೆಯ ಹೆಸರುಗಳಲ್ಲಿ. ಇವೆರಡನ್ನೂ ಸಾಲುಸಾಲಾಗಿ ಜೋಡಿಸುವ ಕೆಲಸ ತನ್ನದೆಂದು ಯಾರೂ ಅಂದುಕೊಂಡಿರುವುದಿಲ್ಲ.

ಮೊದಲು ಆ ಎರಡು ಕಾಗದಗಳು ಯಾವುವೆಂದು ನೋಡಿಬಿಡೋಣ. ಎಸ್‌ಇ ಎಂದರೆ ಖರ್ಚಿನ ತಃಖ್ತೆ. ಮಂಜೂರಾದ ಪ್ರತಿ ಬಾಬ್ತಿಗೂ ಒಂದು ಸಾಲು; ಅದರಲ್ಲಿ ಎಷ್ಟು ಮಂಜೂರಾಗಿತ್ತು, ವರ್ಷವಾರು ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬುದಿರುತ್ತದೆ. ಯುಸಿ ಎಂದರೆ ಹಣ ಬಳಕೆ ಪ್ರಮಾಣಪತ್ರ. ಕೊಟ್ಟ ಹಣ ಕೊಟ್ಟ ಉದ್ದೇಶಕ್ಕೇ ಬಳಕೆಯಾಗಿದೆ ಎಂದು ಸಂಸ್ಥೆಯ ಹಣಕಾಸು ಮುಖ್ಯಸ್ಥರೂ ಸಂಸ್ಥೆಯ ಮುಖ್ಯಸ್ಥರೂ ಸಹಿ ಹಾಕಿ ಹೇಳುವ ಮಾತು ಅದು. ಕೇಂದ್ರ ಸರ್ಕಾರದ ಅನುದಾನವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ 238ನೇ ನಿಯಮ ಇದಕ್ಕೆ ಆಧಾರ, ನಮೂನೆ 12-ಎ ಇದರ ಅಚ್ಚು. ಹಳಬರು ಈಗಲೂ 19-ಎ ಎನ್ನುವುದುಂಟು. ಅದು 2005ರ ನಿಯಮಗಳ ಕಾಲದ ನಮೂನೆ. ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಯುಸಿ ಕೊಡಬೇಕೆಂದು ನಿಯಮ ಹೇಳುತ್ತದೆ. ಯೋಜನೆ ಮುಗಿಯುವಾಗ ಮಂಜೂರಾತಿ ಆದೇಶದ ಷರತ್ತುಗಳು ಇದಕ್ಕಿಂತ ಕಡಿಮೆ ಗಡುವು ಹಾಕಿರಬಹುದು, ಆದ್ದರಿಂದ ಆದೇಶವನ್ನೇ ತೆಗೆದು ನೋಡಬೇಕು.

ಇನ್ನು ಒಂದು ಉದಾಹರಣೆಯನ್ನು ಕಟ್ಟಿಕೊಂಡು ಮುಂದೆ ಹೋಗೋಣ. ಪಾವಗಡ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಳೆಯಲು ತುಮಕೂರು ಕಡೆಯ ಕಾಲೇಜೊಂದರ ರಸಾಯನಶಾಸ್ತ್ರದ ಅಧ್ಯಾಪಕಿಗೆ ಮೂರು ವರ್ಷದ ಯೋಜನೆ ಸಿಕ್ಕಿತೆಂದು ಇಟ್ಟುಕೊಳ್ಳಿ. ಶುರುವಾದದ್ದು 2021ರ ಸೆಪ್ಟೆಂಬರ್ 15ರಂದು, ಮುಗಿದದ್ದು 2024ರ ಸೆಪ್ಟೆಂಬರ್ 14ರಂದು. ಮಂಜೂರಾದದ್ದು ಒಟ್ಟು 24 ಲಕ್ಷ ರೂಪಾಯಿ. ಅದರಲ್ಲಿ 23,10,000 ಬಿಡುಗಡೆಯಾಗಿದೆ. ಉಳಿದ 90,000ವನ್ನು ಅಂತಿಮ ಲೆಕ್ಕ ಬಂದ ಮೇಲೆ ನೋಡೋಣವೆಂದು ಸಂಸ್ಥೆ ತಡೆಹಿಡಿದಿದೆ. ಹಣವಿದ್ದದ್ದು ಯೋಜನೆಗೆಂದೇ ತೆರೆದ ಉಳಿತಾಯ ಖಾತೆಯಲ್ಲಿ, ಅದಕ್ಕೆ ಮೂರು ವರ್ಷದಲ್ಲಿ ಬಂದ ಬಡ್ಡಿ 61,400.

ಮೂರು ವರ್ಷದ ಯೋಜನೆಯಾದರೂ ಯುಸಿ ಮೂರಲ್ಲ, ನಾಲ್ಕು. ಸೆಪ್ಟೆಂಬರ್‌ನಿಂದ ಸೆಪ್ಟೆಂಬರ್‌ಗೆ ನಡೆದ ಯೋಜನೆ 2021-22ರಿಂದ 2024-25ರವರೆಗೆ ನಾಲ್ಕು ಆರ್ಥಿಕ ವರ್ಷಗಳನ್ನು ಮುಟ್ಟುತ್ತದೆ. ಯೋಜನೆಯ ವರ್ಷವನ್ನೇ ಲೆಕ್ಕದ ವರ್ಷವೆಂದು ತಿಳಿದು ಮೂರೇ ತಃಖ್ತೆ ಮಾಡಿದರೆ ಆಮೇಲೆ ಯಾವ ಅಂಕಿಯೂ ಕಾಲೇಜಿನ ಲೆಕ್ಕಪರಿಶೋಧನಾ ವರದಿಗೆ ತಾಳೆಯಾಗುವುದಿಲ್ಲ. ಹಾಗೆಯೇ ಒಂದು ವರ್ಷದ ಅಖೈರು ಶಿಲ್ಕು ಮುಂದಿನ ವರ್ಷದ ಆರಂಭಿಕ ಶಿಲ್ಕಾಗಿ ಪೈಸೆಯೂ ಬದಲಾಗದೆ ಬರಬೇಕು. ಪರಿಶೀಲಿಸುವವರು ಮೊದಲು ಕಣ್ಣು ಹಾಯಿಸುವುದೇ ಇಲ್ಲಿಗೆ.

ಮಂಜೂರಾತಿ ಆದೇಶದಲ್ಲಿ ಆರು ಬಾಬ್ತುಗಳಿವೆ: ಉಪಕರಣ, ಸಿಬ್ಬಂದಿ, ಬಳಕೆ ಸಾಮಗ್ರಿ, ಪ್ರಯಾಣ, ಸಾದಿಲ್ವಾರು, ಸಂಸ್ಥೆಯ ಮೇಲ್ಖರ್ಚು. ಕಾಲೇಜಿನ ಟ್ಯಾಲಿಯಲ್ಲಿ ನೋಡಿದರೆ ಈ ಹೆಸರುಗಳೇ ಇಲ್ಲ. ಅಲ್ಲಿರುವುದು ಲ್ಯಾಬ್ ಕೆಮಿಕಲ್ಸ್, ಟ್ರಾವೆಲ್ ಅಂಡ್ ಕನ್ವೇಯನ್ಸ್, ಪ್ರಿಂಟಿಂಗ್ ಅಂಡ್ ಸ್ಟೇಷನರಿ, ರಿಪೇರಿ ಅಂಡ್ ಮೇಂಟೆನೆನ್ಸ್, ಬ್ಯಾಂಕ್ ಚಾರ್ಜಸ್ ಇತ್ಯಾದಿ. ಇಡೀ ಕಾಲೇಜಿಗೆ ಒಂದೇ ಪಟ್ಟಿ, ಅದರೊಳಗೇ ಈ ಯೋಜನೆಯ ಖರ್ಚೂ ಬಿದ್ದಿದೆ. ಕಾಲೇಜಿನ ವಾರ್ಷಿಕ ಲೆಕ್ಕಕ್ಕೆ ಅದು ಸರಿಯೇ. ಆದರೆ ಅನುದಾನ ಕೊಟ್ಟವರು ಈ ಹೆಸರುಗಳಿಗೆ ಹಣ ಕೊಟ್ಟಿಲ್ಲ.

ಆದ್ದರಿಂದ ಮುಕ್ತಾಯದ ಕೆಲಸ ಶುರುವಾಗಬೇಕಾದದ್ದು ಒಂದು ಸಾದಾ ಹಾಳೆಯಿಂದ. ಯೋಜನೆಯ ಮೊದಲ ದಿನದಿಂದ ಕೊನೆಯವರೆಗಿನ ಲೆಡ್ಜರ್ ನಮೂದುಗಳನ್ನೆಲ್ಲ ಒಂದರ ಕೆಳಗೊಂದು ಇಳಿಸಿಕೊಳ್ಳಬೇಕು. ದಿನಾಂಕ, ವೋಚರ್ ಸಂಖ್ಯೆ, ಯಾರಿಗೆ ಕೊಟ್ಟದ್ದು, ಏತಕ್ಕೆ, ಮೊತ್ತ, ಲೆಡ್ಜರಿನಲ್ಲಿರುವ ಹೆಸರು, ಅದರ ಪಕ್ಕದಲ್ಲಿ ಖಾಲಿ ಬಿಟ್ಟ ಒಂದು ಅಂಕಣ. ಮಂಜೂರಾತಿ ಆದೇಶದ ಬಾಬ್ತನ್ನು ಆ ಖಾಲಿ ಅಂಕಣದಲ್ಲಿ ತುಂಬಬೇಕಾದದ್ದು ವೋಚರನ್ನು ಕೈಯಲ್ಲಿ ಹಿಡಿದು, ಲೆಡ್ಜರಿನ ಹೆಸರನ್ನು ನೋಡಿ ಅಲ್ಲ. ಲೆಡ್ಜರಿನ ಒಟ್ಟು ಮೊತ್ತವನ್ನು ಹಾಗೆಯೇ ಎತ್ತಿ ಬಾಬ್ತಿಗೆ ಹಾಕುವ ಅಭ್ಯಾಸವೇ ಮುಂದಿನ ಎಲ್ಲ ಆಕ್ಷೇಪಣೆಗಳ ಬೇರು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಉದಾಹರಣೆಯಲ್ಲಿ ಹಾಗೆ ಎತ್ತಿ ಹಾಕಿದ್ದರೆ ಏನಾಗುತ್ತಿತ್ತು ನೋಡಿ. ಪ್ರಯಾಣಕ್ಕೆ ಮಂಜೂರಾದದ್ದು 1,20,000. ಟ್ರಾವೆಲ್ ಲೆಡ್ಜರಿನಲ್ಲಿರುವುದು 1,38,400. ಹೆಚ್ಚು ಖರ್ಚಾಗಿದೆ ಎಂದು ಅಧ್ಯಾಪಕಿ ಗಾಬರಿಗೊಂಡು ವೋಚರ್‌ಗಳನ್ನು ತೆಗೆಸಿದರು. ನೀರಿನ ಸ್ಯಾಂಪಲ್ ಕ್ಯಾನುಗಳನ್ನು ಪಾವಗಡದಿಂದ ಬಸ್ ಪಾರ್ಸೆಲ್‌ನಲ್ಲಿ ತರಿಸಿದ್ದು, ಬೆಂಗಳೂರಿನ ಪ್ರಯೋಗಾಲಯಕ್ಕೆ ಕೊರಿಯರ್ ಮಾಡಿದ್ದು, ಹೀಗೆ 22,400 ರೂಪಾಯಿಯ ಚೀಟಿಗಳು ಅದರೊಳಗೇ ಇದ್ದವು.

"ಇದು ಪ್ರಯಾಣಕ್ಕೆ ಯಾಕೆ ಬಂತ್ರೀ?" ಎಂದು ಅವರು ಕೇಳಿದರೆ ಗುಮಾಸ್ತರ ಉತ್ತರ ನೇರವಾಗಿತ್ತು. "ಮೇಡಂ, ಬಿಲ್ಲಲ್ಲಿ ಟ್ರಾನ್ಸ್‌ಪೋರ್ಟ್ ಅಂತ ಇತ್ತು. ಟ್ಯಾಲಿಯಲ್ಲಿ ಅದಕ್ಕೆ ಹತ್ತಿರದ ಹೆಸರು ಅದೊಂದೇ ಇದ್ದದ್ದು."

ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಮಂಜೂರಾತಿ ಆದೇಶದ ಪ್ರಕಾರ ಪ್ರಯಾಣ ಎಂದರೆ ಯೋಜನೆಯ ಜನ ಓಡಾಡಿದ ಖರ್ಚು. ಅಂಚೆ, ಕೊರಿಯರ್, ಸ್ಯಾಂಪಲ್ ಸಾಗಣೆ ಸಾದಿಲ್ವಾರಿಗೆ ಸೇರುತ್ತವೆಂದು ಅದೇ ಆದೇಶದ ಅನುಬಂಧದಲ್ಲಿ ಬರೆದಿದೆ. ಆ 22,400 ಅತ್ತ ಹೋದರೆ ಪ್ರಯಾಣದಲ್ಲಿ ಉಳಿಯುವುದು 1,16,000, ಮಿತಿಯೊಳಗೇ ಇದೆ.

ರಿಪೇರಿ ಲೆಡ್ಜರಿನಲ್ಲೂ ಇಂಥದೇ ಒಂದು ನಮೂದು ಸಿಕ್ಕಿತು. ಒಟ್ಟು 26,500ರಲ್ಲಿ 9,500 ರಿಪೇರಿಯದ್ದೇ ಅಲ್ಲ. ಹೊಸ ಸ್ಪೆಕ್ಟ್ರೊಫೋಟೋಮೀಟರ್ ಬಂದಾಗ ಅದನ್ನು ಕೂರಿಸಿ ವಿದ್ಯುತ್ ಸಂಪರ್ಕ ಕೊಟ್ಟ ಖರ್ಚು. ಎಲೆಕ್ಟ್ರಿಷಿಯನ್ ಬಿಲ್ ಎಂದಕೂಡಲೇ ರಿಪೇರಿ ಎಂದು ಬರೆದಿದ್ದಾರೆ. ಯಂತ್ರವನ್ನು ತಂದು ಕೆಲಸಕ್ಕೆ ಅಣಿಗೊಳಿಸುವವರೆಗಿನ ಖರ್ಚು ಆ ಯಂತ್ರದ ಬೆಲೆಗೇ ಸೇರುತ್ತದೆ. ಉಪಕರಣದ ಲೆಡ್ಜರಿನಲ್ಲಿದ್ದ 5,84,100ಕ್ಕೆ ಇದನ್ನು ಕೂಡಿಸಿದರೆ 5,93,600 ಆಗುತ್ತದೆ. ಮಂಜೂರಾದದ್ದು 6 ಲಕ್ಷ, ತೊಂದರೆಯಿಲ್ಲ.

ಮೇಲುನೋಟಕ್ಕೆ ಈ ಎರಡು ತಿದ್ದುಪಡಿಗಳೂ ಒಂದೇ ಬಗೆಯವು. ಆದರೆ ಲೆಕ್ಕದ ದೃಷ್ಟಿಯಲ್ಲಿ ಎರಡನೆಯದು ಹೆಚ್ಚು ಸೂಕ್ಷ್ಮ. ಸರ್ಕಾರ ಅನುದಾನವನ್ನು ಒಂದೇ ರಾಶಿಯಾಗಿ ಕೊಡುವುದಿಲ್ಲ. ಆಸ್ತಿ ಸೃಜನೆಗೆ ಎಂದು ಒಂದು ಭಾಗ, ಸಾಮಾನ್ಯ ಖರ್ಚಿಗೆ ಎಂದು ಇನ್ನೊಂದು ಭಾಗ, ಹೀಗೆ ಬೇರೆ ಬೇರೆ ಲೆಕ್ಕದಿಂದ ಬಿಡುಗಡೆ ಮಾಡುತ್ತದೆ. ನಮೂನೆ 12-ಎಯಲ್ಲೂ ಖರ್ಚನ್ನು ಸಾಮಾನ್ಯ, ವೇತನ, ಆಸ್ತಿ ಸೃಜನೆ ಎಂದು ಬಿಡಿಸಿ ತೋರಿಸಬೇಕು. ಪ್ರಯಾಣದಿಂದ ಸಾದಿಲ್ವಾರಿಗೆ ಹೋದ ಹಣ ಸಾಮಾನ್ಯ ಖರ್ಚಿನೊಳಗೇ ಜಾಗ ಬದಲಿಸಿತು. ರಿಪೇರಿಯಿಂದ ಉಪಕರಣಕ್ಕೆ ಹೋದ 9,500 ಮಾತ್ರ ಗೋಡೆ ದಾಟಿತು. ಅದು ಖರ್ಚಾದದ್ದು 2022-23ರಲ್ಲಿ, ಆ ವರ್ಷದ ಯುಸಿ ಆಗಲೇ ಹೋಗಿಬಿಟ್ಟಿದೆ. ಹಳೆಯ ವರ್ಷದ ಪುಸ್ತಕವನ್ನು ತೆರೆದು ತಿದ್ದುವುದು ಸಲ್ಲದು. ಈಗಿನ ದಿನಾಂಕದಲ್ಲಿ ಜರ್ನಲ್ ವೋಚರ್ ಬರೆದು, ಮೂಲ ವೋಚರಿನ ಸಂಖ್ಯೆ ಮತ್ತು ದಿನಾಂಕ ನಮೂದಿಸಿ, ಏಕೆ ಬದಲಾಯಿಸಿದೆವು ಎಂದು ಎರಡು ಸಾಲು ಬರೆದು, ಅಧ್ಯಾಪಕಿ ಮತ್ತು ಪ್ರಾಂಶುಪಾಲರ ಸಹಿ ಹಾಕಿಸಬೇಕು. ಅಂತಿಮ ತಃಖ್ತೆಯ ಕೆಳಗೆ ಟಿಪ್ಪಣಿಯಾಗಿ ಅದನ್ನೇ ಹೇಳಬೇಕು. ಟಿಪ್ಪಣಿ ಇಲ್ಲದಿದ್ದರೆ 2022-23ರ ಯುಸಿ ಒಂದು ಹೇಳುತ್ತದೆ, ಅಂತಿಮ ತಃಖ್ತೆ ಇನ್ನೊಂದು ಹೇಳುತ್ತದೆ. ನೋಡುವವರಿಗೆ ಅದು ಮುಚ್ಚುಮರೆಯಂತೆ ಕಾಣುತ್ತದೆ.

ರಿಪೇರಿಯಲ್ಲಿ ಉಳಿದ 17,000, ಮುದ್ರಣ ಮತ್ತು ಲೇಖನ ಸಾಮಗ್ರಿಯ 41,200, ಬ್ಯಾಂಕ್ ಶುಲ್ಕದ 600, ಪ್ರಯಾಣದಿಂದ ಬಂದ 22,400, ಇಷ್ಟೂ ಸೇರಿ ಸಾದಿಲ್ವಾರು 81,200 ಆಯಿತು. ಮಂಜೂರಾದದ್ದು 90,000.

ಸಿಬ್ಬಂದಿ ಬಾಬ್ತಿನಲ್ಲಿ ಗೊಂದಲ ಬೇರೆ ಥರದ್ದು. ಯೋಜನಾ ಸಹಾಯಕರಿಗೆ ತಿಂಗಳಿಗೆ 30,000, ಮೂವತ್ತಾರು ತಿಂಗಳಿಗೆ 10,80,000 ಮಂಜೂರಾಗಿತ್ತು. ನಡುವೆ ಒಬ್ಬರು ಬಿಟ್ಟುಹೋಗಿ ಇನ್ನೊಬ್ಬರು ಸೇರುವಷ್ಟರಲ್ಲಿ ಒಂದು ತಿಂಗಳು ಖಾಲಿ ಹೋಯಿತು, ಹಾಗಾಗಿ ಖರ್ಚು 10,50,000. ಆದರೆ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ ಸಹಾಯಕರ ಹೆಸರಿಗೆ ಹೋದದ್ದು 29,800 ಮಾತ್ರ. ವೃತ್ತಿ ತೆರಿಗೆಯ 200 ರೂಪಾಯಿ ಬೇರೆಯಾಗಿ ಸರ್ಕಾರಕ್ಕೆ ಹೋಗಿದೆ. ಪಾಸ್‌ಬುಕ್ ನೋಡಿ ತಃಖ್ತೆ ಬರೆಯುವವರು 29,800 ಹಾಕುತ್ತಾರೆ, ಲೆಡ್ಜರ್ ನೋಡಿ ಬರೆಯುವವರು 30,000 ಹಾಕುತ್ತಾರೆ. ಯೋಜನೆಯ ಖರ್ಚು 30,000ವೇ. ಕಡಿತ ಎಷ್ಟೇ ಇರಲಿ, ತಃಖ್ತೆಗೆ ಬರಬೇಕಾದದ್ದು ಕಡಿತಕ್ಕೆ ಮುಂಚಿನ ಪೂರ್ತಿ ಮೊತ್ತ. ಕಡಿತದ ಹಣ ಸರ್ಕಾರಕ್ಕೆ ಕಟ್ಟಿದ ಚಲನ್ ಮಾತ್ರ ಜೊತೆಯಲ್ಲಿರಬೇಕು.

ಅನುಭವಸ್ಥರನ್ನೂ ತಡವರಿಸುವಂತೆ ಮಾಡುವುದು ಕೊನೆಯ ದಿನದ ಆಚೀಚೆಯ ಬಿಲ್ಲುಗಳು. ಲ್ಯಾಬ್ ಕೆಮಿಕಲ್ಸ್ ಲೆಡ್ಜರಿನಲ್ಲಿ 3,12,600 ಇದೆ. ಅದರಲ್ಲಿ ಎರಡು ಬಿಲ್ಲುಗಳಿಗೆ ಹಣ ಸಂದಾಯವಾದದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ಯೋಜನೆ ಮುಗಿದ ಮೇಲೆ. ಒಂದು 27,300ದು, ಇನ್ನೊಂದು 18,500ದು. ಲೆಡ್ಜರಿನಲ್ಲಿ ಎರಡೂ ಅಕ್ಕಪಕ್ಕದಲ್ಲೇ ಕೂತಿವೆ, ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯಬೇಕಾದರೆ ಲೆಡ್ಜರ್ ಬಿಟ್ಟು ದಾಸ್ತಾನು ವಹಿ ತೆಗೆಯಬೇಕು.

27,300ರ ಬಿಲ್ಲಿಗೆ ಖರೀದಿ ಆದೇಶ ಹೋದದ್ದು ಆಗಸ್ಟ್‌ನಲ್ಲಿ. ಸಾಮಾನು ಬಂದು ದಾಸ್ತಾನು ವಹಿಯಲ್ಲಿ ಏರಿದ್ದು ಸೆಪ್ಟೆಂಬರ್ 10ರಂದು, ಅಂಗಡಿಯ ಇನ್‌ವಾಯ್ಸ್ ದಿನಾಂಕವೂ ಅದೇ. ಕೊಡಬೇಕಾದ ಹಣ ಅವಧಿಯೊಳಗೇ ಹುಟ್ಟಿದೆ, ಚೆಕ್ ಮಾತ್ರ ತಡವಾಗಿದೆ. ಇದನ್ನು ಬದ್ಧ ವೆಚ್ಚ ಎನ್ನುತ್ತಾರೆ. ಖರೀದಿ ಆದೇಶ, ಇನ್‌ವಾಯ್ಸ್, ದಾಸ್ತಾನು ಪುಟದ ಪ್ರತಿ ಇಟ್ಟು, ಬೇರೆಯಾಗಿ ಗುರುತಿಸಿ ತೋರಿಸಿದರೆ ಇಂಥದ್ದು ಸಾಮಾನ್ಯವಾಗಿ ಒಪ್ಪಿಗೆಯಾಗುತ್ತದೆ. 18,500ರ ಕಥೆ ಹಾಗಲ್ಲ. ವರದಿ ಬರೆಯುವಾಗ ಕೆಲವು ಬಾವಿಗಳ ಫಲಿತಾಂಶದ ಬಗ್ಗೆ ಅನುಮಾನ ಬಂದು ಅಧ್ಯಾಪಕಿ ಮರುಪರೀಕ್ಷೆ ಮಾಡಿದರು, ಅದಕ್ಕೆ ಬೇಕಾದ ರಾಸಾಯನಿಕಕ್ಕೆ ಸೆಪ್ಟೆಂಬರ್ 20ರಂದು ಆದೇಶ ಕೊಟ್ಟರು. ವಿಜ್ಞಾನದ ದೃಷ್ಟಿಯಿಂದ ಅವರು ಮಾಡಿದ್ದು ಸರಿ, ಬಹುಶಃ ಯೋಜನೆಯಲ್ಲೇ ಅತ್ಯಂತ ಪ್ರಾಮಾಣಿಕವಾದ ಖರ್ಚು ಅದು. ಆದರೂ ಅವಧಿ ಮುಗಿದ ಆರನೇ ದಿನ ಕೊಟ್ಟ ಆದೇಶ ಅನುದಾನದ ಲೆಕ್ಕಕ್ಕೆ ಬರುವುದಿಲ್ಲ. ಮುಗಿಯುವ ಮೊದಲೇ ಅವಧಿ ವಿಸ್ತರಣೆ ಕೇಳಿದ್ದರೆ ಬರುತ್ತಿತ್ತು. ಬಳಕೆ ಸಾಮಗ್ರಿಯ ಬಾಬ್ತಿನಿಂದ ಅದನ್ನು ತೆಗೆದರೆ ಉಳಿಯುವುದು 2,94,100. ಆ ಬಾಬ್ತಿನಲ್ಲಿ 3,60,000 ಮಂಜೂರಾಗಿತ್ತು, ಹಣವೂ ಇತ್ತು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಇನ್ನು ಉಳಿದದ್ದು ಮುಂಗಡ. ಜುಲೈನಲ್ಲಿ ವಿಚಾರ ಸಂಕಿರಣಕ್ಕೆ ಹೋಗಲು 25,000 ಮುಂಗಡ ಪಡೆದದ್ದು ಮುಂಗಡದ ಲೆಡ್ಜರಿನಲ್ಲಿ ಹಾಗೇ ನಿಂತಿತ್ತು. ಮುಂಗಡ ಖರ್ಚಲ್ಲ. ಹೋಗಿಬಂದವರು ಟಿಕೆಟ್, ನೋಂದಣಿ ರಸೀದಿ, ವಸತಿ ಬಿಲ್ ಕೊಟ್ಟು ತೀರುವಳಿ ಮಾಡುವವರೆಗೆ ಅದು ಅವರ ಕೈಯಲ್ಲಿರುವ ಯೋಜನೆಯ ಹಣವೇ ಹೊರತು ಯಾವ ಬಾಬ್ತಿಗೂ ಸೇರುವುದಿಲ್ಲ. ತೀರುವಳಿಯಲ್ಲಿ ಖರ್ಚು 21,700 ಎಂದಾಯಿತು, 3,300 ಬ್ಯಾಂಕಿಗೆ ವಾಪಸು ಕಟ್ಟಿದರು. ಆ 21,700 ಸಂಶಯವೇ ಇಲ್ಲದ ಪ್ರಯಾಣದ ಖರ್ಚು. 1,16,000ಕ್ಕೆ ಅದನ್ನು ಕೂಡಿಸಿದರೆ 1,37,700 ಆಗುತ್ತದೆ. ಮಿತಿ ಇದ್ದದ್ದು 1,20,000. ಸ್ಯಾಂಪಲ್ ಸಾಗಣೆ ತೆಗೆದು ಒಮ್ಮೆ ನೆಮ್ಮದಿಯಾಗಿದ್ದ ಬಾಬ್ತಿನಲ್ಲಿ ಈಗ ನಿಜವಾಗಿಯೇ 17,700 ಹೆಚ್ಚಾಗಿದೆ.

ಈ ಘಟ್ಟದಲ್ಲಿ ಒಂದು ಸಲಹೆ ಬಂದೇ ಬರುತ್ತದೆ. ಸಾದಿಲ್ವಾರಿನಲ್ಲಿ ಇನ್ನೂ 8,800 ಇದೆ, ಬಳಕೆ ಸಾಮಗ್ರಿಯಲ್ಲಿ ಬೇಕಾದಷ್ಟಿದೆ, ಕೆಲವು ಟ್ಯಾಕ್ಸಿ ಬಿಲ್ಲುಗಳನ್ನು ಅಲ್ಲಿಗೆ ಸರಿಸಿದರಾಯಿತು ಎಂದು. ಸ್ಯಾಂಪಲ್ ಕ್ಯಾನುಗಳ ಚೀಟಿಯನ್ನು ಸರಿಸಲಿಲ್ಲವೇ ಎಂದೂ ಕೇಳುತ್ತಾರೆ. ಎರಡೂ ಒಂದೇ ಅಲ್ಲ. ಕ್ಯಾನುಗಳ ಚೀಟಿ ತಪ್ಪು ಜಾಗದಲ್ಲಿತ್ತು, ಅದು ತನ್ನ ಜಾಗಕ್ಕೆ ಹೋಯಿತು. ವೋಚರನ್ನು ಓದಿದ ಯಾರೇ ಆದರೂ ಅದನ್ನು ಅಲ್ಲಿಗೇ ಹಾಕುತ್ತಾರೆ. ಟ್ಯಾಕ್ಸಿ ಬಿಲ್ ಸರಿಯಾದ ಜಾಗದಲ್ಲೇ ಇದೆ. ಅದನ್ನು ಸರಿಸಿದರೆ ಲೆಕ್ಕ ಹೊಂದಿಸಿದಂತಾಗುತ್ತದೆ, ಆದರೆ ತಃಖ್ತೆ ಸುಳ್ಳಾಗುತ್ತದೆ, ಅದರ ಮೇಲೆ ಪ್ರಾಂಶುಪಾಲರು ಹಾಕುವ ಸಹಿಯೂ ಸುಳ್ಳಾಗುತ್ತದೆ. ಅನುದಾನ ಪಡೆದ ಸಂಸ್ಥೆಯ ಲೆಕ್ಕವನ್ನು ತಪಾಸಣೆ ಮಾಡುವ ಅಧಿಕಾರ ಹಣ ಕೊಟ್ಟ ಇಲಾಖೆಗೂ ಮಹಾಲೇಖಪಾಲರಿಗೂ ಇದೆ. ತಪಾಸಣೆಗೆ ಬಂದವರು ಮೊದಲು ಕೇಳುವುದು ವೋಚರನ್ನೇ.

ಹಾಗಾದರೆ 17,700ಕ್ಕೆ ದಾರಿಯೇನು? ಸರಿಯಾದ ದಾರಿ ಮುಂಚೆಯೇ ಇತ್ತು: ಸಂಕಿರಣಕ್ಕೆ ಹೋಗುವ ಮೊದಲು ಪುನರ್ವಿನಿಯೋಗಕ್ಕೆ ಅನುಮತಿ ಕೇಳಿ ಪತ್ರ ಬರೆಯುವುದು. ಕೆಲವು ಯೋಜನೆಗಳಲ್ಲಿ ಸಾಮಾನ್ಯ ಖರ್ಚಿನ ಬಾಬ್ತುಗಳ ನಡುವೆ ಅಷ್ಟಿಷ್ಟು ಅದಲುಬದಲು ಮಾಡಲು ಮಂಜೂರಾತಿ ಆದೇಶವೇ ಅವಕಾಶ ಕೊಟ್ಟಿರುತ್ತದೆ. ನಮ್ಮ ಉದಾಹರಣೆಯ ಆದೇಶದಲ್ಲಿ ಪೂರ್ವಾನುಮತಿ ಬೇಕೆಂದಿದೆ. ಯೋಜನೆ ಮುಗಿದ ಮೇಲೆ ಕೇಳುವ ಅನುಮತಿಗೆ ಪೂರ್ವಾನುಮತಿ ಎನ್ನಲಾಗುವುದಿಲ್ಲ. ಹಾಗಾಗಿ ನಿಜ ಖರ್ಚು 1,37,700 ಎಂದೇ ತೋರಿಸಿ, ಅನುದಾನದ ಲೆಕ್ಕಕ್ಕೆ 1,20,000ಕ್ಕೆ ಮಿತಿಗೊಳಿಸಿ, ಉಳಿದದ್ದನ್ನು ಕಾಲೇಜು ತನ್ನ ನಿಧಿಯಿಂದ ಭರಿಸಬೇಕು. ಒಟ್ಟು 24 ಲಕ್ಷದೊಳಗೇ ಇದ್ದೇವಲ್ಲ ಎಂಬ ಮಾತಿಗೆ ಬೆಲೆ ಇಲ್ಲದಿರುವುದು ಇಲ್ಲಿಯೇ.

ಈಗ ತಃಖ್ತೆ ಹೀಗೆ ಕಾಣುತ್ತದೆ:

| ಬಾಬ್ತು | ಮಂಜೂರು | ಲೆಕ್ಕಕ್ಕೆ ಬರುವ ಖರ್ಚು |
|---|---|---|
| ಉಪಕರಣ | 6,00,000 | 5,93,600 |
| ಸಿಬ್ಬಂದಿ | 10,80,000 | 10,50,000 |
| ಬಳಕೆ ಸಾಮಗ್ರಿ | 3,60,000 | 2,94,100 |
| ಪ್ರಯಾಣ | 1,20,000 | 1,20,000 |
| ಸಾದಿಲ್ವಾರು | 90,000 | 81,200 |
| ಮೇಲ್ಖರ್ಚು | 1,50,000 | 1,50,000 |
| ಒಟ್ಟು | 24,00,000 | 22,88,900 |

ಬಿಡುಗಡೆಯಾದದ್ದು 23,10,000. ಅದರಲ್ಲಿ 22,88,900 ಕಳೆದರೆ ಉಳಿಯುವುದು 21,100, ಇದು ಹಿಂದಿರುಗಿಸಬೇಕಾದ ಹಣ. ಗೋಡೆ ದಾಟದಂತೆ ಇದನ್ನೂ ಬಿಡಿಸಬೇಕು: ಆಸ್ತಿಗೆಂದು ಬಂದ 6 ಲಕ್ಷದಲ್ಲಿ ಉಳಿದದ್ದು 6,400, ಸಾಮಾನ್ಯ ಖರ್ಚಿಗೆಂದು ಬಂದದ್ದರಲ್ಲಿ ಉಳಿದದ್ದು 14,700. ತಡೆಹಿಡಿದಿದ್ದ 90,000 ಇನ್ನು ಬರುವುದಿಲ್ಲ ಎಂಬುದನ್ನೂ ಆಡಳಿತ ಮಂಡಳಿಗೆ ಈಗಲೇ ತಿಳಿಸುವುದು ಒಳ್ಳೆಯದು, ಏಕೆಂದರೆ ಕೊಟ್ಟದ್ದೇ ಮಿಕ್ಕಿದೆ.

ಬಡ್ಡಿಯ ವಿಷಯದಲ್ಲಿ ನಿಯಮ ಇನ್ನೂ ಕಟ್ಟುನಿಟ್ಟು. 230ನೇ ನಿಯಮದ 8ನೇ ಉಪನಿಯಮದ ಪ್ರಕಾರ ಅನುದಾನದ ಮೇಲೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮವಾದ ಕೂಡಲೇ ಭಾರತದ ಸಂಚಿತ ನಿಧಿಗೆ ಕಟ್ಟಲೇಬೇಕು. ಮುಂದಿನ ಕಂತಿನಲ್ಲಿ ಹೊಂದಾಣಿಕೆ ಮಾಡಿಕೊಳ್ಳಿ ಎನ್ನುವಂತಿಲ್ಲ. ವರ್ಷವರ್ಷವೂ ಕಟ್ಟುತ್ತ ಬಂದಿದ್ದರೆ ಈಗ ಇಷ್ಟು ಭಾರ ಇರುತ್ತಿರಲಿಲ್ಲ. ಈಚೆಗೆ ಹಲವು ಕೇಂದ್ರ ಯೋಜನೆಗಳಲ್ಲಿ ಶೂನ್ಯ ಶಿಲ್ಕಿನ ಖಾತೆ ಬಂದಿದೆ, ಅಲ್ಲಿ ಹಣ ಕಾಲೇಜಿನ ಕೈಯಲ್ಲಿ ಕೂರುವುದೇ ಇಲ್ಲವಾದ್ದರಿಂದ ಬಡ್ಡಿಯ ತಕರಾರೂ ಇಲ್ಲ. ನಮ್ಮ ಉದಾಹರಣೆಯದು ಹಳೆಯ ಪದ್ಧತಿ. 21,100ಕ್ಕೆ 61,400 ಸೇರಿ ಒಟ್ಟು 82,500 ವಾಪಸು ಹೋಗಬೇಕು.

ಇಷ್ಟು ಲೆಕ್ಕ ಹಾಕಿ ಪಾಸ್‌ಬುಕ್ ತೆರೆದರೆ ಅಲ್ಲಿರುವುದು 46,300 ಮಾತ್ರ. ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದ ಜಾಗ ಇದು, ಏಕೆಂದರೆ ಇಡೀ ಜೋಡಣೆ ಸರಿಯೋ ತಪ್ಪೋ ಎಂಬುದು ಇಲ್ಲಿ ಗೊತ್ತಾಗಿಬಿಡುತ್ತದೆ. ಬೇಕಾದದ್ದು 82,500, ಇರುವುದು 46,300, ಕೊರತೆ 36,200. ಲೆಕ್ಕಕ್ಕೆ ಬಾರದೆ ಹೊರಗುಳಿದ ಎರಡು ಮೊತ್ತಗಳನ್ನು ಕೂಡಿಸಿ ನೋಡಿ: ತಡವಾಗಿ ತರಿಸಿದ ರಾಸಾಯನಿಕದ 18,500, ಮಿತಿ ಮೀರಿದ ಪ್ರಯಾಣದ 17,700. ಸರಿಯಾಗಿ 36,200. ಕೊರತೆಗೆ ಪೂರ್ತಿ ಕಾರಣ ಸಿಕ್ಕಿತು. ಹೀಗೆ ಸಿಗದೆ ಐನೂರೋ ಸಾವಿರವೋ ವ್ಯತ್ಯಾಸ ಉಳಿದರೆ ಎಲ್ಲೋ ಒಂದು ವೋಚರ್ ಎರಡು ಸಲ ಬಂದಿದೆ, ಅಥವಾ ಬರೆದ ಚೆಕ್ ಇನ್ನೂ ಬ್ಯಾಂಕಿನಲ್ಲಿ ಹಾಜರಾಗಿಲ್ಲ, ಅಥವಾ ಬೇರೆ ಯೋಜನೆಯ ಬಿಲ್ಲಿಗೆ ಈ ಖಾತೆಯಿಂದ ಹಣ ಹೋಗಿದೆ. ವ್ಯತ್ಯಾಸವನ್ನು ಇತರೆ ಎಂಬ ಸಾಲಿಗೆ ತುಂಬಿ ಮುಗಿಸದೆ ಹುಡುಕಬೇಕು. ಕೊರತೆ ಹುಟ್ಟಿದ್ದು ಹೇಗೆಂದರೆ, ಕಾಲೇಜು ತನಗೆ ತಿಳಿಯದೆಯೇ ಬಡ್ಡಿಯ ಹಣವನ್ನು ಖರ್ಚು ಮಾಡಿದೆ. ಕಾಲೇಜು ತನ್ನ ನಿಧಿಯಿಂದ 36,200 ಈ ಖಾತೆಗೆ ತುಂಬಿದ ಮೇಲೆಯೇ ಮರುಪಾವತಿ ಸಾಧ್ಯ.

ಅದಾದ ಮೇಲೆ ನಮೂನೆ ತುಂಬುವುದು ಹೆಚ್ಚುಕಡಿಮೆ ನಕಲು ಮಾಡುವ ಕೆಲಸ. ಆರಂಭಿಕ ಶಿಲ್ಕು, ಬಂದ ಬಡ್ಡಿ, ಸರ್ಕಾರಕ್ಕೆ ಕಟ್ಟಿದ ಬಡ್ಡಿ, ಆ ವರ್ಷ ಬಂದ ಕಂತಿನ ಆದೇಶ ಸಂಖ್ಯೆ ಮತ್ತು ದಿನಾಂಕ, ಒಟ್ಟು ಲಭ್ಯ ಹಣ, ಖರ್ಚು, ಅಖೈರು ಶಿಲ್ಕು. ಅಂತಿಮ ಲೆಕ್ಕಕ್ಕೆ ಸಾಮಾನ್ಯವಾಗಿ ಲೆಕ್ಕಪರಿಶೋಧಕರ ಸಹಿಯೂ ಬೇಕಾಗುತ್ತದೆ. ಅವರ ಬಳಿಗೆ ಬರೀ ತಃಖ್ತೆ ಒಯ್ಯದೆ ಮೊದಲು ಹೇಳಿದ ಆ ಜೋಡಣೆಯ ಹಾಳೆಯನ್ನೂ ಜರ್ನಲ್ ವೋಚರ್‌ಗಳನ್ನೂ ಒಯ್ದರೆ ಅರ್ಧ ದಿನದ ಕೆಲಸ. ಇಲ್ಲದಿದ್ದರೆ ಅವರು ಆ ಹಾಳೆಯನ್ನು ತಾವೇ ಮಾಡಬೇಕಾಗುತ್ತದೆ, ಆಗ ಯಾವ ಚೀಟಿ ಯಾತಕ್ಕೆಂದು ಅವರಿಗೆ ಹೇಳುವವರು ಯಾರೂ ಇರುವುದಿಲ್ಲ.

ಜೊತೆಗೆ ಉಪಕರಣಗಳ ಪಟ್ಟಿ ಹೋಗಬೇಕು: ಹೆಸರು, ಕೊಂಡ ದಿನಾಂಕ, ಬೆಲೆ, ದಾಸ್ತಾನು ವಹಿಯ ಪುಟ. ಬೆಲೆಯ ಅಂಕಣದ ಮೊತ್ತ ತಃಖ್ತೆಯ 5,93,600ಕ್ಕೇ ಹೊಂದಬೇಕು. 9,500ರ ಅಳವಡಿಕೆ ವೆಚ್ಚವನ್ನು ತಃಖ್ತೆಯಲ್ಲಿ ಸೇರಿಸಿ ವಹಿಯಲ್ಲಿ ಬಿಟ್ಟಿರುವುದು ಮಾಮೂಲಿ ತಪ್ಪು. ಅನುದಾನದಲ್ಲಿ ಕೊಂಡ ಯಂತ್ರವನ್ನು ಮಂಜೂರು ಮಾಡಿದವರ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ, ಬೇರೆ ಕೆಲಸಕ್ಕೆ ತಿರುಗಿಸುವಂತಿಲ್ಲ. ಕಾಲೇಜಿನಲ್ಲೇ ಉಳಿಸಿಕೊಳ್ಳಲು ಅನುಮತಿ ಕೋರುವ ಪತ್ರವನ್ನು ಇದೇ ಕಡತದಲ್ಲಿ ಇಟ್ಟುಬಿಡುವುದು ಸುಲಭ.

ಕೇಂದ್ರ ಸರ್ಕಾರಕ್ಕೆ ಹಣ ಕಟ್ಟುವುದು ಭಾರತ್‌ಕೋಶ್ ಜಾಲತಾಣದ ಮೂಲಕ. ಮಿಕ್ಕ ಅನುದಾನವನ್ನೂ ಬಡ್ಡಿಯನ್ನೂ ಬೇರೆ ಬೇರೆಯಾಗಿ ಕಟ್ಟಿ, ಎರಡು ರಸೀದಿ ತೆಗೆದು ಯುಸಿಗೆ ಲಗತ್ತಿಸಬೇಕು. ಖಾತೆಯನ್ನು ಅವತ್ತೇ ಮುಚ್ಚಿಬಿಡಬೇಕು. ಉಳಿತಾಯ ಖಾತೆಗೆ ಬ್ಯಾಂಕುಗಳು ಮೂರು ತಿಂಗಳಿಗೊಮ್ಮೆ ಬಡ್ಡಿ ಹಾಕುತ್ತವೆ. ಮುಚ್ಚದೆ ಬಿಟ್ಟರೆ ಮರುಪಾವತಿ ಆದ ಕೆಲವು ವಾರಕ್ಕೆ ಹಿಂದಿನ ದಿನಗಳ ಬಡ್ಡಿ ಎಂದು ಇನ್ನೊಂದಿಷ್ಟು ಹಣ ಜಮೆಯಾಗಿ, ಅಖೈರು ಶಿಲ್ಕು ಸೊನ್ನೆ ಎಂದು ಸಹಿ ಹಾಕಿದ ಯುಸಿಗೆ ತದ್ವಿರುದ್ಧವಾಗಿ ನಿಲ್ಲುತ್ತದೆ. ಮುಚ್ಚುವ ದಿನದವರೆಗಿನ ಬಡ್ಡಿಯನ್ನು ಬ್ಯಾಂಕಿನವರಿಂದ ಲೆಕ್ಕ ಹಾಕಿಸಿಕೊಂಡು, ಅದನ್ನೂ ಸೇರಿಸಿ ಕಟ್ಟಿ, ಖಾತೆ ಮುಚ್ಚಿದ ಪತ್ರ ಪಡೆದ ಮೇಲೆ ಯುಸಿಯ ಕೊನೆಯ ಅಂಕಣ ತುಂಬಬೇಕು.